ಕಾರ್ಡ್ ಮಷಿನ್ ಬೇಕೆ, ಕೈಲಿರುವ ಫೋನೇ ಸಾಕೆ? ಸಣ್ಣ ಅಂಗಡಿಯವರಿಗೆ ಒಂದು ಹೋಲಿಕೆ

ಅಂಗಡಿಯಲ್ಲಿ ಕಾರ್ಡ್ ತೆಗೆದುಕೊಳ್ಳಬೇಕಾದರೆ ಬ್ಯಾಂಕಿನಿಂದ ಮಷಿನ್ ತರಿಸಿ, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು ಎನ್ನುವ ಕಾಲ ಹೋಗಿದೆ. ಹತ್ತಿರ ತಂದ ಕಾರ್ಡನ್ನು ತಂತಿಯಿಲ್ಲದೆ ಓದುವ ಎನ್‌ಎಫ್‌ಸಿ ಎಂಬ ಭಾಗ ಇರುವ ಆಂಡ್ರಾಯ್ಡ್ ಫೋನಿಗೆ ಬ್ಯಾಂಕ್ ಅಥವಾ ಪಾವತಿ ಕಂಪನಿಯ ವ್ಯಾಪಾರಿ ಆ್ಯಪ್ ಹಾಕಿಕೊಂಡರೆ, ಗಿರಾಕಿ ತನ್ನ ಕಾರ್ಡನ್ನು ಫೋನಿನ ಬೆನ್ನಿಗೆ ತಾಗಿಸಿ ಹಣ ಕೊಡಬಹುದು. ಇದಕ್ಕೆ ಸಾಫ್ಟ್‌ಪಿಒಎಸ್ ಎನ್ನುತ್ತಾರೆ. ರುಪೇ ಮತ್ತು ಯುಪಿಐ ನಡೆಸುವ ಎನ್‌ಪಿಸಿಐ ಹಾಗೂ ಎಸ್‌ಬಿಐ ಪೇಮೆಂಟ್ಸ್ ಸೇರಿ 2021ರ ಮಾರ್ಚಿನಲ್ಲಿ ರುಪೇ ಸಾಫ್ಟ್‌ಪಿಒಎಸ್ ಪರಿಚಯಿಸಿದವು. ಈಗ ಬೇರೆ ಬ್ಯಾಂಕುಗಳೂ ಪಾವತಿ ಕಂಪನಿಗಳೂ ಇದನ್ನು ಕೊಡುತ್ತಿವೆ. ಆದರೆ ಎಲ್ಲ ಅಂಗಡಿಗೂ ಇದು ಹೊಂದುವುದಿಲ್ಲ. ಯಾರಿಗೆ ಹೊಂದುತ್ತದೆ ಎನ್ನುವುದನ್ನು ಮುಖ್ಯವಾಗಿ ಒಂದೇ ಅಂಕಿ ತೀರ್ಮಾನಿಸುತ್ತದೆ: 5,000 ರೂಪಾಯಿ.

ಆ 5,000 ಎಲ್ಲಿಂದ ಬಂತು

ಪಿನ್ ಒತ್ತದೆ ಬರೀ ತಾಗಿಸಿ ಕೊಡಬಹುದಾದ ಮೊತ್ತ ಮೊದಲು ಒಂದು ವ್ಯವಹಾರಕ್ಕೆ 2,000 ರೂಪಾಯಿ ಇತ್ತು. ರಿಸರ್ವ್ ಬ್ಯಾಂಕ್ ಅದನ್ನು 2021ರ ಜನವರಿ 1ರಿಂದ 5,000ಕ್ಕೆ ಏರಿಸಿತು. ಬಿಲ್ಲು 5,000 ದಾಟಿದರೆ ಪಿನ್ ಬೇಕೇ ಬೇಕು. ಮಾಮೂಲಿ ಮಷಿನ್‌ನಲ್ಲಿ ಇದೊಂದು ಸಮಸ್ಯೆಯೇ ಅಲ್ಲ, ಒತ್ತುವ ಗುಂಡಿಗಳು ಎದುರಿಗೇ ಇರುತ್ತವೆ. ಫೋನಿನಲ್ಲಿ ಮಾತ್ರ ವಿಷಯ ಬೇರೆ.

ಕಾರ್ಡ್ ಭದ್ರತೆಯ ನಿಯಮ ಬರೆಯುವ ಪಿಸಿಐ ಮಂಡಳಿ 2019ರಲ್ಲಿ ಮೊದಲ ಬಾರಿಗೆ ಸಾಮಾನ್ಯ ಫೋನಿನಲ್ಲಿ ಟ್ಯಾಪ್ ಪಾವತಿಗೆ ಮಾನದಂಡ ತಂದಿತು. ಅದರ ಹೆಸರು ಸಿಪಿಒಸಿ. ಅದರ ಪ್ರಕಾರ ಕಾರ್ಡನ್ನು ಓದಬಹುದು, ಆದರೆ ಅದೇ ಫೋನಿನ ಪರದೆಯ ಮೇಲೆ ಪಿನ್ ಕೇಳುವಂತಿಲ್ಲ. 2022ರ ನವೆಂಬರಿನಲ್ಲಿ ಬಂದ ಎಂಪಿಒಸಿ ಎನ್ನುವ ಮಾನದಂಡ ಎರಡನ್ನೂ ಒಂದೇ ಫೋನಿನಲ್ಲಿ ಮಾಡಲು ದಾರಿ ಬಿಟ್ಟಿತು. ಹಾಗಾಗಿ ಒಂದೇ ಬಗೆಯ ಜಾಹೀರಾತಿನ ಹಿಂದೆ ಎರಡು ಬಗೆಯ ಆ್ಯಪ್ ಇರಬಹುದು. ಒಂದು 5,000ದವರೆಗೆ ಮಾತ್ರ ತೆಗೆದುಕೊಂಡು ಅದಕ್ಕಿಂತ ಹೆಚ್ಚಿನದನ್ನು ನಿರಾಕರಿಸುತ್ತದೆ, ಇನ್ನೊಂದು ಕಾರ್ಡ್ ತಾಗಿಸಿದ ಮೇಲೆ ಪರದೆಯಲ್ಲೇ ಪಿನ್ ಕೇಳುತ್ತದೆ. ಅರ್ಜಿ ತುಂಬಿಸಿಕೊಳ್ಳಲು ಬಂದ ಏಜೆಂಟನನ್ನು ಮೊದಲು ಕೇಳಬೇಕಾದ್ದು ಇದನ್ನೇ: "5,000 ದಾಟಿದ ಬಿಲ್ಲಿಗೆ ಈ ಫೋನಿನಲ್ಲೇ ಪಿನ್ ಹಾಕಿಸಬಹುದಾ?" ಉತ್ತರ ಸ್ಪಷ್ಟವಾಗಿ ಬರದಿದ್ದರೆ ಇಲ್ಲ ಎಂದೇ ತಿಳಿದುಕೊಂಡು ಮುಂದಿನ ಲೆಕ್ಕ ಹಾಕಿ.

ತಾಗಿಸಿದಾಗ ಏನಾಗುತ್ತದೆ

ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಫೋನಿನ ಎನ್‌ಎಫ್‌ಸಿ ಆಂಟೆನಾ 13.56 ಮೆಗಾಹರ್ಟ್ಸ್‌ನಲ್ಲಿ ಹರಡುವ ಕ್ಷೇತ್ರವೇ ಕಾರ್ಡಿನ ಚಿಪ್‌ಗೆ ವಿದ್ಯುತ್ ಕೊಡುತ್ತದೆ. ಈ ಕ್ಷೇತ್ರ ಮೂರು-ನಾಲ್ಕು ಸೆಂಟಿಮೀಟರ್ ದಾಟಿದರೆ ಕೆಲಸಕ್ಕೆ ಬರುವುದಿಲ್ಲ. ಎಚ್ಚರಗೊಂಡ ಚಿಪ್ ಕಾರ್ಡ್ ಸಂಖ್ಯೆಯ ಜೊತೆಗೆ, ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗುಪ್ತ ಸಂಕೇತವನ್ನೂ ಲೆಕ್ಕ ಹಾಕಿ ಕೊಡುತ್ತದೆ. ಆ್ಯಪ್ ಇದನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿ ತನ್ನ ಬ್ಯಾಂಕಿನ ಸರ್ವರಿಗೆ ಕಳಿಸುತ್ತದೆ. ಅಲ್ಲಿಂದ ಅದು ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಗಿರಾಕಿಯ ಬ್ಯಾಂಕಿಗೆ ಹೋಗಿ, ಒಪ್ಪಿಗೆಯೋ ನಿರಾಕರಣೆಯೋ ಹಿಂದಿರುಗುತ್ತದೆ. ಈ ಸಂಕೇತ ಪ್ರತಿ ಸಲ ಬದಲಾಗುವುದರಿಂದ, ನಡುವೆ ಯಾರಾದರೂ ಅದನ್ನು ಕದ್ದರೂ ಎರಡನೇ ಸಲ ಅದರಿಂದ ಹಣ ಎಳೆಯಲು ಆಗುವುದಿಲ್ಲ.

ಇಲ್ಲಿ ಅಂಗಡಿಯವರು ಗಮನಿಸಲೇಬೇಕಾದ ಒಂದು ವಿಷಯವಿದೆ. ಕಾರ್ಡ್ ಓದುವ ಕೆಲಸ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಫೋನ್ "ಬೀಪ್" ಎನ್ನುತ್ತದೆ ಅಥವಾ ನಡುಗುತ್ತದೆ. ಅದರ ಅರ್ಥ ಕಾರ್ಡ್ ಓದಿಯಾಯಿತು, ಇನ್ನು ತೆಗೆಯಬಹುದು ಎಂದಷ್ಟೇ. ಹಣ ಮಂಜೂರಾಗಿದೆ ಎಂದಲ್ಲ. ಬ್ಯಾಂಕಿನ ಉತ್ತರ ಬರಲು ನೆಟ್‌ವರ್ಕ್ ನೋಡಿಕೊಂಡು ಇನ್ನೂ ಕೆಲವು ಸೆಕೆಂಡು ಬೇಕು. ಬೀಪ್ ಕೇಳಿದ ಕೂಡಲೇ ಸಾಮಾನು ಕೈಗೆ ಕೊಟ್ಟು, ಗಿರಾಕಿ ಹೋದ ಮೇಲೆ ಪರದೆಯಲ್ಲಿ "Declined" ಎಂದು ನೋಡುವ ಪರಿಸ್ಥಿತಿ ಹುಟ್ಟುವುದು ಹೀಗೆ. ಪರದೆಯ ಮೇಲೆ ಮೊತ್ತದ ಜೊತೆ "Approved" ಎಂದು ಬಂದಿದೆಯೇ ಎಂದು ಕಣ್ಣಾರೆ ನೋಡಿಯೇ ಸಾಮಾನು ಕೊಡಿ.

ಒಂದು ಅಂಗಡಿಯ ಲೆಕ್ಕ

ಚನ್ನಪಟ್ಟಣದಲ್ಲಿ ಹಳೆ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಗೆ ಮರದ ಬೊಂಬೆ ಮಾರುವ ಅಂಗಡಿಯೊಂದಿದೆ ಎಂದಿಟ್ಟುಕೊಳ್ಳೋಣ. ಹೆಚ್ಚಿನ ಬಿಲ್ಲು 300ರಿಂದ 2,500 ರೂಪಾಯಿಯೊಳಗೆ. ಬಹಳಷ್ಟು ಜನ ಯುಪಿಐನಲ್ಲೇ ಕೊಡುತ್ತಾರೆ. ಆದರೂ ಕಾರ್ಡ್ ಹಿಡಿದು ಬರುವವರು ಇದ್ದೇ ಇರುತ್ತಾರೆ: ಕ್ರೆಡಿಟ್ ಕಾರ್ಡಿನ ಪಾಯಿಂಟ್ ಬೇಕೆನ್ನುವವರು, ಯುಪಿಐ ಬಳಸದ ಹಿರಿಯರು, ಹೊರದೇಶದ ಪ್ರವಾಸಿಗಳು. ತಿಂಗಳಿಗೆ ಕಾರ್ಡ್ ವ್ಯಾಪಾರ 60,000 ರೂಪಾಯಿ ಎನ್ನೋಣ. ಅದರಲ್ಲಿ ರುಪೇ ಡೆಬಿಟ್ 10,000, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಡೆಬಿಟ್ 20,000, ಕ್ರೆಡಿಟ್ 30,000.

ಪ್ರತಿ ವ್ಯವಹಾರದ ಮೇಲೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕಕ್ಕೆ ಎಂಡಿಆರ್ ಎನ್ನುತ್ತಾರೆ. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಎಂಡಿಆರ್ ಇಲ್ಲ. ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಜಾರಿಗೆ ತಂದ ಮಿತಿ ಇದೆ: ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಹೆಚ್ಚೆಂದರೆ ಶೇ. 0.40, ಅದಕ್ಕಿಂತ ದೊಡ್ಡ ವ್ಯಾಪಾರಿಗೆ ಶೇ. 0.90. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಅದು ನಿಮ್ಮ ಮತ್ತು ಕಂಪನಿಯ ನಡುವಿನ ಒಪ್ಪಂದ. ನಮ್ಮ ಅಂಗಡಿಗೆ ಶೇ. 1.8 ಎಂದುಕೊಂಡರೆ ಡೆಬಿಟ್‌ಗೆ 80 ರೂಪಾಯಿ, ಕ್ರೆಡಿಟ್‌ಗೆ 540, ಒಟ್ಟು 620 ರೂಪಾಯಿ ಶುಲ್ಕ. 2,000 ರೂಪಾಯಿ ಮೀರಿದ ಬಿಲ್ಲುಗಳ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಇದಕ್ಕೆ ಸೇರುತ್ತದೆ.

ಈ 620 ರೂಪಾಯಿ ಮಷಿನ್ ಇಟ್ಟರೂ ಹೋಗುತ್ತದೆ, ಫೋನ್ ಬಳಸಿದರೂ ಹೋಗುತ್ತದೆ. ಏಜೆಂಟರ ಮಾತಿನಲ್ಲಿ ಈ ಅಂಶ ಮರೆಯಾಗುವುದೇ ಹೆಚ್ಚು. ಫೋನಿನಿಂದ ಉಳಿಯುವುದು ಬಾಡಿಗೆ ಒಂದೇ. ಮಷಿನ್‌ಗೆ ತಿಂಗಳಿಗೆ 400 ರೂಪಾಯಿ ಬಾಡಿಗೆ ಎಂದರೆ ಜಿಎಸ್‌ಟಿ ಸೇರಿ 472, ವರ್ಷಕ್ಕೆ 5,664 ರೂಪಾಯಿ. ಸಣ್ಣ ಅಂಗಡಿಗೆ ಇದು ನಿಜಕ್ಕೂ ದೊಡ್ಡ ಉಳಿತಾಯ.

ಆದರೆ ಬಾಡಿಗೆ ಬಿಟ್ಟುಕೊಟ್ಟ ಕಂಪನಿ ಕ್ರೆಡಿಟ್ ದರವನ್ನು ಮೆಲ್ಲಗೆ ಏರಿಸಿರಬಹುದು. ಫೋನ್ ಯೋಜನೆಯಲ್ಲಿ ಶೇ. 2.2 ಇದ್ದರೆ ವ್ಯತ್ಯಾಸ ಶೇ. 0.4. ನಮ್ಮ 30,000ಕ್ಕೆ ಅದು 120 ರೂಪಾಯಿ, ಆದ್ದರಿಂದ ಫೋನೇ ಲಾಭ. ಅದೇ ತಿಂಗಳಿಗೆ 1,18,000 ರೂಪಾಯಿಯ ಕ್ರೆಡಿಟ್ ವ್ಯಾಪಾರ ಇರುವ ಅಂಗಡಿಗೆ ಆ ಶೇ. 0.4 ಎಂದರೆ 472 ರೂಪಾಯಿ, ಬಾಡಿಗೆಗೆ ಸರಿಸಮ. ಅದಕ್ಕಿಂತ ಮೇಲೆ ಬಾಡಿಗೆ ಕೊಟ್ಟು ಮಷಿನ್ ಇಟ್ಟುಕೊಳ್ಳುವುದೇ ಅಗ್ಗ. ಬಾಡಿಗೆಯನ್ನು 100ರಿಂದ ಗುಣಿಸಿ, ದರದ ಶೇಕಡಾ ವ್ಯತ್ಯಾಸದಿಂದ ಭಾಗಿಸಿದರೆ ನಿಮ್ಮ ಅಂಗಡಿಯ ಗಡಿ ಯಾವುದೆಂದು ನಿಮಗೇ ಸಿಗುತ್ತದೆ.

ಇನ್ನು 5,000 ದಾಟುವ ಬಿಲ್ಲುಗಳು. ತಿಂಗಳಿಗೆ ಎರಡು ಬರುತ್ತವೆ, ಒಂದೊಂದೂ 7,000 ಎನ್ನೋಣ. ಊರಿನ ಗಿರಾಕಿಯಾದರೆ ಯುಪಿಐನಲ್ಲಿ ಕೊಟ್ಟು ಹೋಗುತ್ತಾನೆ, ತೊಂದರೆ ಇಲ್ಲ. ಹೊರದೇಶದವರು ಕಾರ್ಡ್ ಬಿಟ್ಟರೆ ಬೇರೆ ದಾರಿ ಇಲ್ಲದೆ ಬೊಂಬೆಯನ್ನು ಕೆಳಗಿಟ್ಟು ಹೋಗುತ್ತಾರೆ. ಶೇ. 20 ಲಾಭವಿದ್ದರೆ ಒಂದು ಬಿಲ್ಲಿನಲ್ಲೇ 1,400 ರೂಪಾಯಿ ಕೈಬಿಟ್ಟಂತೆ, ಅದು ಮಷಿನ್‌ನ ಮೂರು ತಿಂಗಳ ಬಾಡಿಗೆಗೆ ಹತ್ತಿರ. ಹಾಗಾಗಿ ಈ ಅಂಗಡಿಗೆ ಪಿನ್ ತೆಗೆದುಕೊಳ್ಳುವ ಫೋನ್ ಆ್ಯಪ್ ಸರಿಯಾದ ಆಯ್ಕೆ. ಹೊರದೇಶದ ಕಾರ್ಡುಗಳನ್ನು ತೆರೆದುಕೊಡಿ ಎಂದು ಅರ್ಜಿಯಲ್ಲೇ ಕೇಳಬೇಕು. ಆ ಕಾರ್ಡುಗಳಿಗೆ ದರ ಹೆಚ್ಚಿರುತ್ತದೆ, ಅದನ್ನೂ ಲಿಖಿತವಾಗಿ ಪಡೆಯಿರಿ.

ಬಿಲ್ಲನ್ನು 3,500ರಂತೆ ಎರಡು ಮಾಡಿ ಎರಡು ಸಲ ತಾಗಿಸಬಹುದಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಿತಿ ತಪ್ಪಿಸಲು ಒಂದು ಖರೀದಿಯನ್ನು ಒಡೆಯುವುದನ್ನು ಕಾರ್ಡ್ ಒಪ್ಪಂದಗಳು ನಿಷೇಧಿಸುತ್ತವೆ. ಮುಂದೆ ಗಿರಾಕಿ "ನಾನು ಕೊಟ್ಟಿಲ್ಲ" ಎಂದು ತಕರಾರು ಹೂಡಿದರೆ ಪಿನ್ ಇಲ್ಲದ ಎರಡು ವ್ಯವಹಾರಗಳನ್ನು ಸಮರ್ಥಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಹಾಗೆಯೇ, ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ.

ಉಳಿದ ಆಯ್ಕೆಗಳು ಎಲ್ಲಿ ಗೆಲ್ಲುತ್ತವೆ

ಸಿಮ್ ಇರುವ ಪ್ರತ್ಯೇಕ ಮಷಿನ್ ಗೆಲ್ಲುವುದು ಕೌಂಟರಿನಲ್ಲಿ ಜನ ಸಾಲು ನಿಲ್ಲುವ ಕಡೆ, ಒಬ್ಬರಿಗಿಂತ ಹೆಚ್ಚು ಕೆಲಸಗಾರರು ಹಣ ತೆಗೆದುಕೊಳ್ಳುವ ಕಡೆ. ಚಿಪ್ ಒಳಗೆ ಹಾಕುವ ಕಾರ್ಡನ್ನೂ ಅದು ಓದುತ್ತದೆ, ಕಾಗದದ ರಸೀದಿ ಕೊಡುತ್ತದೆ, ಇಎಂಐ ಸೌಲಭ್ಯವೂ ಹೆಚ್ಚಾಗಿ ಅದರಲ್ಲೇ ಸಿಗುವುದು. ಮೊಬೈಲ್ ಅಂಗಡಿ, ಪಾತ್ರೆ ಅಂಗಡಿ, ರೇಷ್ಮೆ ಸೀರೆ ಅಂಗಡಿಯವರು ಫೋನ್ ಆ್ಯಪ್‌ನಿಂದ ತೃಪ್ತರಾಗುವುದು ಕಷ್ಟ.

ಬ್ಲೂಟೂತ್‌ನಿಂದ ಫೋನಿಗೆ ಜೋಡಿಸುವ ಅಂಗೈಯಗಲದ ಕಾರ್ಡ್ ರೀಡರ್ ನಡುವಿನ ದಾರಿ. ಚಿಪ್, ಪಿನ್ ಎರಡೂ ಆಗುತ್ತವೆ, ಬಾಡಿಗೆ ಕಡಿಮೆ. ಆದರೆ ಚಾರ್ಜ್ ಮಾಡಬೇಕಾದ ಎರಡು ಸಾಧನ, ಆಗಾಗ ಕಳಚಿಕೊಳ್ಳುವ ಬ್ಲೂಟೂತ್ ಎರಡನ್ನೂ ಸಹಿಸಬೇಕು. ಫೋನಿನಲ್ಲಿ ಎನ್‌ಎಫ್‌ಸಿ ಇಲ್ಲದವರಿಗೆ ಇದು ಯೋಚಿಸಬೇಕಾದ ಆಯ್ಕೆ.

ಕಾರ್ಡ್ ತಾಗಿಸಲು ಜಾಗವಿರುವ ಸೌಂಡ್‌ಬಾಕ್ಸ್ ಕಿರಾಣಿ, ಬೇಕರಿ, ದರ್ಶಿನಿಗಳಿಗೆ ಫೋನಿಗಿಂತ ಒಳ್ಳೆಯದು. ಅದು ಕೌಂಟರ್ ಬಿಟ್ಟು ಹೋಗುವುದಿಲ್ಲ. ಫೋನ್ ಆದರೆ ಮಾಲೀಕರು ಸರಕು ತರಲು ಹೋದಾಗ ಅವರ ಜೇಬಿನಲ್ಲೇ ಹೋಗುತ್ತದೆ, ಅಂಗಡಿಯಲ್ಲಿ ಕಾರ್ಡ್ ನಿಂತುಹೋಗುತ್ತದೆ.

ಬರೀ ಕ್ಯೂಆರ್ ಸಾಕೇ? ಬಿಲ್ಲು 200–300 ದಾಟದ ಅಂಗಡಿಗೆ ಸಾಕು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕ್ಯೂಆರ್‌ನಲ್ಲೇ ಕೊಡಬಹುದಾಗಿದೆ, ಕ್ರೆಡಿಟ್ ಬೇಕೆನ್ನುವವರಲ್ಲಿ ಒಂದು ಭಾಗ ಅಲ್ಲಿಗೇ ಮುಗಿಯುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡಿನವರು ಮಾತ್ರ ಹೊರಗುಳಿಯುತ್ತಾರೆ.

ಯಾವುದನ್ನು ಆರಿಸಿದರೂ ಬ್ಯಾಂಕಿಗೆ ಬಂದ ಹಣ ಲೆಕ್ಕಕ್ಕೆ ಬರುತ್ತದೆ. 2025ರಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಕೆಲವರು ಕ್ಯೂಆರ್ ತೆಗೆದುಹಾಕಿದ್ದರು. ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಎಂಬ ಜಿಎಸ್‌ಟಿ ನೋಂದಣಿಯ ಮಿತಿಗೆ ಕಾರ್ಡ್, ಯುಪಿಐ, ನಗದು ಎಲ್ಲವೂ ಸೇರುತ್ತವೆ. ಸಾಧನ ಬದಲಿಸಿದರೆ ಇದು ಬದಲಾಗದು.

ಫೋನ್ ಆರಿಸುವುದು, ಸಿದ್ಧಮಾಡುವುದು

ಮೊದಲು ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಪಟ್ಟಿಯಲ್ಲಿ NFC ಎಂದು ಹಾಕಿ. ಏನೂ ಸಿಗದಿದ್ದರೆ ಫೋನಿನಲ್ಲಿ ಆ ಭಾಗವೇ ಇಲ್ಲ, ಯಾವ ಆ್ಯಪ್ ಹಾಕಿದರೂ ಪ್ರಯೋಜನವಿಲ್ಲ. ಅಗ್ಗದ ಫೋನುಗಳಲ್ಲಿ ಒಂದು ಮೋಸಹೋಗುವ ಜಾಗವಿದೆ: ಅದೇ ಹೆಸರಿನ ಫೋನ್ ಹೊರದೇಶದಲ್ಲಿ ಎನ್‌ಎಫ್‌ಸಿ ಸಮೇತ ಮಾರಾಟವಾಗುತ್ತದೆ, ಇಲ್ಲಿ ಮಾರುವ ಮಾದರಿಯಲ್ಲಿ ಅದನ್ನು ತೆಗೆದಿರುತ್ತಾರೆ. ಇಂಟರ್ನೆಟ್ಟಿನ ವಿಮರ್ಶೆ ನಂಬದೆ ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ ಕೊಳ್ಳಿ. ಭದ್ರತಾ ಅಪ್‌ಡೇಟ್ ನಿಂತುಹೋದ ಹಳೆಯ ಫೋನ್ ಇವತ್ತು ನಡೆದರೂ ನಾಳೆ ಆ್ಯಪ್ ಅದನ್ನು ಕೈಬಿಡಬಹುದು, ಆದ್ದರಿಂದ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಅದನ್ನೂ ಗಮನಿಸಬೇಕು.

ನೋಂದಣಿಗೆ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಅಂಗಡಿ ನಡೆಯುತ್ತಿದೆ ಎಂಬುದಕ್ಕೆ ಉದ್ಯಮ್ ನೋಂದಣಿ ಅಥವಾ ಟ್ರೇಡ್ ಲೈಸೆನ್ಸ್ ಥರದ ಒಂದು ದಾಖಲೆ, ಬೋರ್ಡ್ ಕಾಣುವಂತೆ ಅಂಗಡಿಯ ಫೋಟೊ ಕೇಳುತ್ತಾರೆ. ಒಪ್ಪಿಗೆಯಾದ ಮೇಲೆ ನಿಮಗೆ ಎಂಐಡಿ, ಫೋನಿಗೆ ಟಿಐಡಿ ಎಂಬ ಸಂಖ್ಯೆ ಸಿಗುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಯಾವ ದೂರಿಗೂ ಮೊದಲು ಕೇಳುವುದು ಇವನ್ನೇ. ಪರೀಕ್ಷೆಗೆ ಪಕ್ಕದ ಅಂಗಡಿಯವರ ಡೆಬಿಟ್ ಕಾರ್ಡಿನಿಂದ 10 ರೂಪಾಯಿ ತೆಗೆದು ಆ್ಯಪ್‌ನಿಂದಲೇ ಮರಳಿಸಿ. ನಿಮ್ಮದೇ ಕ್ರೆಡಿಟ್ ಕಾರ್ಡನ್ನು ನಿಮ್ಮದೇ ಅಂಗಡಿಯಲ್ಲಿ ತಾಗಿಸಿದರೆ ಸಾಮಾನಿಲ್ಲದೆ ನಗದು ಮಾಡಿಕೊಳ್ಳುತ್ತಿದ್ದೀರಿ ಎಂಬ ಅನುಮಾನಕ್ಕೆ ಖಾತೆ ತಡೆಹಿಡಿಯುವ ಸಾಧ್ಯತೆ ಇದೆ.

ಆಮೇಲೆ ಆಂಟೆನಾ ಎಲ್ಲಿದೆ ಎಂದು ಹುಡುಕಿ. ಬಹುತೇಕ ಫೋನುಗಳಲ್ಲಿ ಅದು ಬೆನ್ನಿನ ಮೇಲ್ಭಾಗದಲ್ಲಿ, ಕ್ಯಾಮೆರಾದ ಹತ್ತಿರ ಅಥವಾ ನಡುಮಧ್ಯದಲ್ಲಿ ಇರುತ್ತದೆ. ಆ್ಯಪ್‌ನಲ್ಲಿ ಮೊತ್ತ ಹಾಕಿ, ಕಾರ್ಡನ್ನು ಬೆನ್ನಿಗೆ ಒತ್ತಿಹಿಡಿದು ಮೇಲಿನಿಂದ ಕೆಳಕ್ಕೆ ನಿಧಾನ ಸರಿಸುತ್ತ ಬಂದರೆ ಒಂದು ಜಾಗದಲ್ಲಿ ಓದಿಕೊಳ್ಳುತ್ತದೆ. ಆ ಜಾಗಕ್ಕೆ ಕವರಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ. ಮೊತ್ತ ಕಾಣುವುದು ಮುಂದೆ, ಕಾರ್ಡ್ ತಾಗಿಸುವುದು ಹಿಂದೆ ಆದ್ದರಿಂದ ಗಿರಾಕಿಗಳಿಗೆ ಇದು ಮೊದಲ ಸಲ ಗಲಿಬಿಲಿ. ಪರದೆ ಅವರ ಕಡೆಗೆ ತಿರುಗುವಂತೆ ಫೋನನ್ನು ನೀವೇ ಹಿಡಿದು, ಕಾರ್ಡನ್ನು ಹಿಂದಿನಿಂದ ತಾಗಿಸಲು ಹೇಳಿದರೆ ಸಲೀಸು. ಲೋಹದ ತಗಡಿರುವ ಕವರ್, ಬೆನ್ನಿಗಂಟಿಸಿದ ಮ್ಯಾಗ್ನೆಟ್ ರಿಂಗ್ ಇದ್ದರೆ ಕಳಚಿಡಿ. ಆಂಟೆನಾದ ಕ್ಷೇತ್ರವನ್ನು ಲೋಹ ಕೆಡಿಸುತ್ತದೆ.

ಕೆಲಸ ಕೆಟ್ಟಾಗ ಕಾರಣ ಕಂಡುಹಿಡಿಯುವುದು

ಕಾರ್ಡ್ ತಾಗಿಸಿದರೂ ಫೋನ್ ಮಿಸುಕದಿದ್ದರೆ ಎನ್‌ಎಫ್‌ಸಿ ಆಫ್ ಆಗಿದೆಯೇ ನೋಡಿ. ಕಾರ್ಡಿನ ಮೇಲೆ ನಾಲ್ಕು ಬಾಗಿದ ಗೆರೆಗಳ ಚಿಹ್ನೆ ಇಲ್ಲದಿದ್ದರೆ ಅದು ತಾಗಿಸುವ ಕಾರ್ಡೇ ಅಲ್ಲ. ಪರ್ಸಿನೊಳಗೇ ಇಟ್ಟು ತಾಗಿಸಿದರೆ ಎರಡು ಕಾರ್ಡು ಒಟ್ಟಿಗೆ ಉತ್ತರಿಸಿ ಫೋನ್ ಯಾವುದನ್ನೂ ಓದಿಕೊಳ್ಳದಿರಬಹುದು, ಒಂದನ್ನು ಹೊರತೆಗೆಸಿ.

ಫೋನ್ ಓದಿಕೊಂಡು ಬ್ಯಾಂಕ್ ನಿರಾಕರಿಸಿದರೆ ಬೇರೊಂದು ಕಾರ್ಡಿನಿಂದ ಪ್ರಯತ್ನಿಸಿ. ಅದು ಹೋದರೆ ತೊಂದರೆ ಮೊದಲ ಕಾರ್ಡಿನದು. ಇದಕ್ಕೆ ಬಹಳ ಸಾಮಾನ್ಯ ಕಾರಣ, ಆ ಕಾರ್ಡಿನಲ್ಲಿ ಟ್ಯಾಪ್ ಸೌಲಭ್ಯ ತೆರೆದಿಲ್ಲದಿರುವುದು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಟ್ಯಾಪ್ ಮುಚ್ಚಿಯೇ ಬರುತ್ತದೆ, ಗಿರಾಕಿಯೇ ತನ್ನ ಬ್ಯಾಂಕ್ ಆ್ಯಪ್‌ನಲ್ಲಿ ತೆರೆಯಬೇಕು. ಅಲ್ಲೇ ನಿಂತು ಒಂದೆರಡು ನಿಮಿಷದಲ್ಲಿ ಮಾಡಿಕೊಳ್ಳಬಹುದು ಎಂದು ಹೇಳಿ. ಪರದೆಯಲ್ಲಿ ಸಂಕೇತ ತೋರಿಸುವ ಆ್ಯಪ್ ಆದರೆ 57 ಎಂದರೆ ಈ ಬಗೆಯ ವ್ಯವಹಾರಕ್ಕೆ ಕಾರ್ಡಿನಲ್ಲಿ ಅನುಮತಿ ಇಲ್ಲ, 51 ಎಂದರೆ ಹಣ ಸಾಲದು, 61 ಎಂದರೆ ಮಿತಿ ಮೀರಿದೆ, 91 ಎಂದರೆ ಗಿರಾಕಿಯ ಬ್ಯಾಂಕಿನ ಸರ್ವರ್ ಸಿಗುತ್ತಿಲ್ಲ. 91 ಬಂದಾಗ ಮಾತ್ರ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುವುದರಲ್ಲಿ ಅರ್ಥವಿದೆ.

ಆ್ಯಪ್ ತೆರೆಯಲೇ ಒಪ್ಪದೆ ಫೋನ್ ಸುರಕ್ಷಿತವಲ್ಲ ಎಂದರೆ ಅದು ಫೋನಿನ ಸ್ಥಿತಿಯನ್ನು ಪರೀಕ್ಷಿಸಿ ಹೇಳುತ್ತಿರುವ ಮಾತು. ತಯಾರಕರ ಭದ್ರತಾ ಬೀಗ ತೆಗೆದು ರೂಟ್ ಮಾಡಿದ ಫೋನ್, ಆನ್ ಆಗಿರುವ `Developer options` ಅಥವಾ `USB debugging`, ಪರದೆ ಹಂಚಿಕೊಳ್ಳುವ ಆ್ಯಪ್, ಇತರ ಆ್ಯಪ್‌ಗಳ ಮೇಲೆ ಚಿತ್ರಿಸುವ ಅನುಮತಿ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಪಿನ್ ಒತ್ತುವ ಪರದೆಯ ಮೇಲೆ ಇನ್ನೊಂದು ಆ್ಯಪ್ ಕಣ್ಣಿಡಬಾರದು ಎಂದೇ ಈ ಕಟ್ಟುನಿಟ್ಟು. ಮಕ್ಕಳು ಆಟ ಆಡುವ, ಸಿಕ್ಕಿದ್ದೆಲ್ಲ ಹಾಕಿಕೊಂಡಿರುವ ಮನೆಯ ಫೋನನ್ನು ಅಂಗಡಿಯ ಟರ್ಮಿನಲ್ ಮಾಡಬಾರದು ಎನ್ನುವುದೂ ಇದಕ್ಕೇ. ಇನ್ನೊಂದು ಮಾತು: ನಿಜವಾದ ಆ್ಯಪ್ ಪಿನ್ ಕೇಳುವುದು ಕಾರ್ಡ್ ತಾಗಿಸಿದ ಮೇಲೆ. ಕಾರ್ಡಿನ ಹಿಂದಿನ ಮೂರು ಅಂಕಿ ಅಥವಾ ಒಟಿಪಿ ಟೈಪ್ ಮಾಡಿಸಿದರೆ ಅದು ಟ್ಯಾಪ್ ಪಾವತಿಯೇ ಅಲ್ಲ.

ಗಿರಾಕಿಗೆ ಹಣ ಕಡಿತದ ಮೆಸೇಜ್ ಬಂದು, ನಿಮ್ಮ ಪರದೆಯಲ್ಲಿ ಏನೂ ಬಾರದೆ ಸುತ್ತುತ್ತಲೇ ಇರುವುದು ಇಬ್ಬರಿಗೂ ಕಸಿವಿಸಿಯ ಗಳಿಗೆ. ತಕ್ಷಣ ಮತ್ತೆ ತಾಗಿಸಬೇಡಿ. ಆ್ಯಪ್‌ನ ವ್ಯವಹಾರ ಪಟ್ಟಿ ತೆರೆದು ನೋಡಿ: ಅಲ್ಲಿ ಯಶಸ್ವಿ ಎಂದಿದ್ದರೆ ಸಾಮಾನು ಕೊಡಿ, ವಿಫಲ ಎಂದಿದ್ದರೆ ಆ ಹಣ ನಿಮಗೆ ಬಂದಿಲ್ಲ. ರಿಸರ್ವ್ ಬ್ಯಾಂಕಿನ 2019ರ ಆದೇಶದ ಪ್ರಕಾರ ಅಂಥ ಹಣ ವ್ಯವಹಾರದ ಮರುದಿನದಿಂದ 5 ದಿನದೊಳಗೆ ಗಿರಾಕಿಯ ಖಾತೆಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಬೇಕು. ಸಮಯ, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಬರೆದು ಗಿರಾಕಿಗೊಂದು ಚೀಟಿ ಕೊಟ್ಟರೆ ಅವರು ಬ್ಯಾಂಕಿನಲ್ಲಿ ಕೇಳಲು ಅನುಕೂಲ. ಕನಿಕರಪಟ್ಟು ಕೈಯಿಂದ ನಗದು ಕೊಡಬೇಡಿ. ಬ್ಯಾಂಕ್ ಹಣ ಮರಳಿಸಿದಾಗ ನಷ್ಟ ನಿಮ್ಮದೇ. ಸಾಮಾನು ವಾಪಸಾದಾಗಲೂ ಹಾಗೆಯೇ, ಕಾರ್ಡಿನಲ್ಲಿ ಬಂದದ್ದು ಆ್ಯಪ್ ಮೂಲಕ ಅದೇ ಕಾರ್ಡಿಗೆ ಹೋಗಬೇಕು.

ಫೋನ್ ಕಳೆದುಹೋದರೆ ಕಾರ್ಡ್ ಸಂಖ್ಯೆಗಳು ಅದರಲ್ಲಿ ಉಳಿದಿರುವುದಿಲ್ಲ, ಆದರೆ ಟಿಐಡಿ ಇನ್ನೂ ಜೀವಂತ. ತೆರೆದ ಆ್ಯಪ್ ಸಿಕ್ಕವನು ನಿಮ್ಮ ಖಾತೆಯಿಂದ ರಿಫಂಡ್ ಹೊರಡಿಸಲು ನೋಡಬಹುದು. ಸಹಾಯವಾಣಿಗೆ ಕರೆ ಮಾಡಿ ಬರೆದಿಟ್ಟ ಟಿಐಡಿ ಹೇಳಿ ಅದನ್ನು ಮುಚ್ಚಿಸಿ, ಆಮೇಲೆ ಸಿಮ್ ಬ್ಲಾಕ್ ಮಾಡಿಸಿ. ಫೋನ್ ಮಾರುವಾಗಲೂ ಮೊದಲು ಆ್ಯಪ್‌ನಲ್ಲಿ ಟರ್ಮಿನಲ್ ರದ್ದು ಮಾಡಿ, ಹೊಸ ಫೋನಿನಲ್ಲಿ ಚಾಲೂ ಆದ ಮೇಲಷ್ಟೇ ಹಳೆಯದನ್ನು ಅಳಿಸಿ ಕೊಡಿ.